ಬ್ಲಾಕ್ ಆಟದ ಬಗ್ಗೆ ನಾನು ಸಹಿ ಹಾಕಿದ ಕಾಗದ

ನಮ್ಮ ಶಾಲೆಯ ಕಂಪ್ಯೂಟರ್ ಕೋಣೆಯಲ್ಲಿ ಹದಿನಾಲ್ಕು ಕಂಪ್ಯೂಟರುಗಳಿವೆ. ಹತ್ತು ನಡೆಯುತ್ತವೆ, ಎರಡು ಮನಸ್ಸು ಬಂದರೆ ನಡೆಯುತ್ತವೆ. ಗಣಿತ ಮತ್ತು ಕಂಪ್ಯೂಟರ್ ಎರಡನ್ನೂ ನಾನೇ ಕಲಿಸುವುದರಿಂದ ಶನಿವಾರದ ಕೊನೆಯ ಎರಡು ಪೀರಿಯಡ್ ಒಟ್ಟಿಗೆ ನನಗೆ ಸಿಗುತ್ತವೆ. ಆ ಹೊತ್ತಿನಲ್ಲಿ ಏಳನೇ ಕ್ಲಾಸಿನ ಮಕ್ಕಳಿಗೆ ಬ್ಲಾಕ್ ಕಟ್ಟುವ ಆಟವನ್ನು ತೆರೆದುಕೊಡುತ್ತಿದ್ದೆ. ಚೌಕ ಚೌಕ ಕಲ್ಲು, ಮಣ್ಣು, ಮರ. ಅಗೆದು ತೆಗೆಯಬೇಕು, ಒಂದರ ಮೇಲೊಂದು ಇಟ್ಟು ಕಟ್ಟಬೇಕು. ಗೆಲುವು ಸೋಲು ಎಂದು ಬೋರ್ಡು ಹಾಕುವ ಆಟವಲ್ಲ ಅದು. ಯಾವ ಮಗುವಿಗೆ ಏನು ಬೇಕೋ ಅದನ್ನು ಕಟ್ಟುತ್ತದೆ. ಸ್ಟಾಫ್ ರೂಮಿನಲ್ಲಿ ಇದಕ್ಕೆ “ಮೇಡಂನ ವಿಡಿಯೊ ಗೇಮ್ ಪೀರಿಯಡ್” ಎಂದು ಹೆಸರಿತ್ತು. ಹೆಸರಿಟ್ಟವರಿಗೆ ನಾನು ಒಮ್ಮೆ ಮುಖಕ್ಕೇ ಉತ್ತರ ಕೊಟ್ಟಿದ್ದೆ. ಆಮೇಲೆ ಅವರು ನನ್ನ ಬೆನ್ನ ಹಿಂದೆ ಮಾತ್ರ ಹಾಗೆ ಕರೆಯುತ್ತಿದ್ದರು.

ಆ ಕ್ಲಾಸಿನಲ್ಲಿ ತೋಡಾರಿನಿಂದ ಬರುವ ಒಬ್ಬಳು ಹುಡುಗಿಯಿದ್ದಳು. ಮಾತು ಕಡಿಮೆ. ಗಣಿತದಲ್ಲಿ ನಲವತ್ತರ ಆಸುಪಾಸಿನ ಅಂಕ. ಒಂದು ಶನಿವಾರ ಅವಳು ಎರಡು ಅಂತಸ್ತಿನ ಮನೆ ಕಟ್ಟಿ, ಮೆಟ್ಟಿಲಿನ ಕೆಳಗೊಂದು ಮೇಲೊಂದು ಸ್ವಿಚ್ ಇಟ್ಟು, ಎರಡರಲ್ಲಿ ಯಾವುದನ್ನು ಒತ್ತಿದರೂ ಅದೇ ಒಂದು ದೀಪ ಹತ್ತುವ, ಆರುವ ಹಾಗೆ ಮಾಡಿಟ್ಟಿದ್ದಳು. ಆಟದಲ್ಲಿ ವಯರಿನ ಬದಲು ನೆಲದಲ್ಲಿ ಸಾಲಾಗಿ ಕೆಂಪು ಪುಡಿ ಹಾಕಬೇಕು. ಒಂದು ದೀಪಕ್ಕೆ ಒಂದು ಸ್ವಿಚ್ ಆದರೆ ಯಾರು ಬೇಕಾದರೂ ಮಾಡುತ್ತಾರೆ. ಎರಡು ಸ್ವಿಚ್ಚಿಗೆ ತರ್ಕ ಬೇಕು: ಎರಡೂ ಒಂದೇ ಬದಿಗಿದ್ದರೆ ದೀಪ ಆರಬೇಕು, ಬೇರೆ ಬೇರೆ ಬದಿಗಿದ್ದರೆ ಹತ್ತಬೇಕು. ಡಿಗ್ರಿಯಲ್ಲಿ ನಮಗೆ ಇದನ್ನು ಪಟ್ಟಿ ಬರೆಸಿ ಕಲಿಸಿದ್ದರು. ನಾನು ಅರ್ಧ ಗಂಟೆ ಅವಳ ಹಿಂದೆ ನಿಂತು ನೋಡಿದೆ. ಯಾರು ಕಲಿಸಿದ್ದು ಎಂದು ಕೇಳಿದರೆ, “ಅಪ್ಪ” ಅಂದಳು.

ಅಪ್ಪ ಅಬುಧಾಬಿಯಲ್ಲಿ ಎಲೆಕ್ಟ್ರಿಷಿಯನ್. ವಾಟ್ಸಾಪಿನ ಕರೆ ಅಲ್ಲಿಂದ ಸಿಗುವುದಿಲ್ಲ. ಮೆಸೇಜು, ಫೋಟೊ, ಮಾತು ರೆಕಾರ್ಡು ಮಾಡಿ ಕಳಿಸುವುದು ಮಾತ್ರ. ಮಾಮೂಲಿ ಫೋನ್ ಕರೆಗೆ ದುಡ್ಡು ಎಷ್ಟೆಂದು ಕೇಳಬೇಡಿ. ಆದರೆ ಈ ಆಟ ನಡೆಯುತ್ತದೆ. ಪ್ರತಿ ಆದಿತ್ಯವಾರ ಸಂಜೆ ಹುಡುಗಿ ಅಮ್ಮನ ಫೋನಿನಲ್ಲಿ ತನ್ನ ಲೋಕ ತೆರೆಯುತ್ತಾಳೆ, ಅಪ್ಪ ಅಲ್ಲಿ ತನ್ನ ರೂಮಿನ ಮಂಚದ ಮೇಲೆ ಕೂತು ಅವಳ ಲೋಕದೊಳಗೆ ಬರುತ್ತಾರೆ. ಇಬ್ಬರೂ ಒಂದೂವರೆ ವರ್ಷದಿಂದ ಒಂದು ಮನೆ ಕಟ್ಟುತ್ತಿದ್ದರು. ಎಷ್ಟು ಕೋಣೆ ಎಂದು ಕೇಳಿದ್ದಕ್ಕೆ ಬೆರಳು ಮಡಚಿ ಎಣಿಸಿ, ಒಂಬತ್ತು ಮತ್ತು ಬಚ್ಚಲು ಎಂದಳು. ಮಾತಾಡಲು ಏನು ಮಾಡುತ್ತೀರಿ ಎಂದು ಕೇಳಿದೆ. ಆಟದ ಚಾಟಿನಲ್ಲಿ ಇಂಗ್ಲಿಷ್ ಅಕ್ಷರ ಒತ್ತಿ ತುಳು ಬರೆಯುತ್ತೇವೆ, ಹೆಚ್ಚು ಮಾತೇನೂ ಇರುವುದಿಲ್ಲ ಎಂದಳು. “ಅಪ್ಪ ಒಂದು ಕಲ್ಲು ಇಡುದು, ನಾನೊಂದು ಇಡುದು.”

ಈ ವಿಷಯ ನನಗೆ ಮೊದಲೇ ಗೊತ್ತಿತ್ತು ಎಂಬುದನ್ನು ಇಲ್ಲಿಯೇ ಹೇಳಿಬಿಡುತ್ತೇನೆ. ಗೊತ್ತಿರಲಿಲ್ಲ ಎಂದು ತಪ್ಪಿಸಿಕೊಳ್ಳುವ ದಾರಿ ನನಗಿಲ್ಲ.

ಗಲಾಟೆ ಶುರುವಾದದ್ದು ಅದೇ ಕ್ಲಾಸಿನ ಬೇರೊಬ್ಬ ಹುಡುಗನಿಂದ. ಅವನ ಮನೆಯ ಫೋನಿನಲ್ಲಿ ಅವನು ಆಡುತ್ತಿದ್ದಾಗ ಯಾರೋ ಅವನ ಲೋಕದೊಳಗೆ ಬಂದು, ಕಟ್ಟಿದ್ದನ್ನೆಲ್ಲ ಒಡೆದು, ಚಾಟಿನಲ್ಲಿ ಕೊಳಕು ಮಾತು ಬರೆದು ಹೋಗಿದ್ದರು. ಅವನ ಚಿಕ್ಕಪ್ಪ ಅದನ್ನು ನೋಡಿ ಸೀದಾ ಶಾಲೆಗೆ ಬಂದು ಕೂಗಾಡಿದರು. ಶಾಲೆಯಲ್ಲಿ ಕಲಿಸಿದ್ದರಿಂದಲೇ ಹೀಗಾಯಿತು ಎಂದರು. ಶಾಲೆಯ ಕಂಪ್ಯೂಟರಿನಲ್ಲಿ ಆಟದ ಲೋಕ ಆ ಕೋಣೆಯ ಗೋಡೆ ದಾಟುವುದಿಲ್ಲ, ನಮ್ಮದೇ ಹತ್ತು ಮಕ್ಕಳು ಒಂದೇ ನೆಟ್‌ವರ್ಕಿನಲ್ಲಿ ಸೇರುವುದು ಎಂದು ನಾನು ಹೇಳಿದೆ. ಅವರು ಕೇಳಿಸಿಕೊಳ್ಳಲಿಲ್ಲ. ಸರಿ, ಫೋನು ಕೊಡಿ ಎಂದೆ. ಕೊಟ್ಟರು.

ನೋಡಿದರೆ ಆ ಲೋಕದ ಸೆಟ್ಟಿಂಗಿನಲ್ಲಿ ಯಾರು ಒಳಗೆ ಬರಬಹುದು ಎಂಬಲ್ಲಿ “ಸ್ನೇಹಿತರ ಸ್ನೇಹಿತರು” ಎಂದಿತ್ತು. ಹುಡುಗ ಯಾವುದೋ ಸಾರ್ವಜನಿಕ ಸರ್ವರಿನಲ್ಲಿ ಸಿಕ್ಕಿದವನೊಬ್ಬನನ್ನು ಸ್ನೇಹಿತರ ಪಟ್ಟಿಗೆ ಸೇರಿಸಿಕೊಂಡಿದ್ದ. ಆ ಸಿಕ್ಕಿದವನಿಗೆ ಎಷ್ಟು ಜನ ಸ್ನೇಹಿತರೋ, ಅವರಿಗೆಲ್ಲ ಇವನ ಮನೆಯ ಬಾಗಿಲು ತೆರೆದ ಹಾಗೆ. ಇದನ್ನು ಚಿಕ್ಕಪ್ಪನಿಗೆ ವಿವರಿಸಿದರೆ ಅವರು, ಅದನ್ನು ನಾನೇ ನೋಡಿದ್ದೆ, ತೊಂದರೆಯಿಲ್ಲ ಎಂದು ಬಿಟ್ಟಿದ್ದೆ ಎಂದರು. “ಸ್ನೇಹಿತರ ಸ್ನೇಹಿತರು ಅಂದ್ರೆ ಗುರುತಿನವರೇ ಅಲ್ವಾ ಟೀಚರ್?”

ನಾನು ನಗಬೇಕೋ ಅಳಬೇಕೋ. ಆದರೆ ಅವರನ್ನು ದೂರುವ ಹಾಗೂ ಇರಲಿಲ್ಲ. ನಮ್ಮಲ್ಲಿ ಬಸ್ಸಿನಲ್ಲಿ ಪಕ್ಕ ಕೂತವರ ಹತ್ತಿರ ನಿಮ್ಮ ಮನೆ ಎಲ್ಲಾಯಿತು ಎಂದು ಕೇಳಿ, ಎರಡು ಸ್ಟಾಪು ದಾಟುವುದರೊಳಗೆ ಅವರ ಅತ್ತಿಗೆ ನಮ್ಮ ದೊಡ್ಡಮ್ಮನ ಕಡೆಯವರು ಎಂದು ಹೊರಡುತ್ತದೆ. ಬಂಟ್ವಾಳದಿಂದ ಬೆಳ್ತಂಗಡಿಯವರೆಗೆ ಹೀಗೆಯೇ. ಪರಿಚಯದವರ ಪರಿಚಯದವರು ಎಂದರೆ ನಮಗೆ ಸಂಬಂಧವೇ. ಆಮೇಲೆ ಇನ್ನೂ ಐದಾರು ಮನೆಯ ಫೋನು ತರಿಸಿ ನೋಡಿದೆ. ಎಲ್ಲರೂ ಅದೇ ಸಾಲನ್ನು ನೋಡಿ, ಅದೇ ಸಮಾಧಾನ ಹೇಳಿಕೊಂಡು ಬಿಟ್ಟಿದ್ದರು. ಎರಡು ಮನೆಯವರಂತೂ “ಸ್ನೇಹಿತರು ಮಾತ್ರ” ಎಂದಿದ್ದದ್ದನ್ನು, ದಾಯಾದಿ ಮಕ್ಕಳೂ ಬರಲಿ ಎಂದು ತಾವೇ ಬದಲಿಸಿದ್ದರು.

ಇದಕ್ಕೆ ಒಂದು ಕಾಗದ ಬೇಕು ಎಂದು ಪ್ರಿನ್ಸಿಪಾಲರಿಗೆ ಹೇಳಿದವಳು ನಾನೇ. ಪೋಷಕರಿಗೆ ಬರೆಯುವ, ಆಟದಿಂದ ಮಕ್ಕಳು ಏನು ಕಲಿಯುತ್ತಾರೆ, ಎಲ್ಲಿ ಜಾಗ್ರತೆ ಬೇಕು ಎರಡನ್ನೂ ಹೇಳುವ ಎಂದೆ. ಬರೆಯಿರಿ ಎಂದರು.

ಪುತ್ತಿಗೆಯ ನನ್ನ ಮನೆಯಲ್ಲಿ ಎರಡು ಸಂಜೆ ಕೂತು ಬರೆದೆ. ಕನ್ನಡದಲ್ಲಿ, ನಾಲ್ಕು ಪುಟ. ಮೊದಲ ಪುಟದಲ್ಲಿ ಕಲಿಕೆ. ಒಂದು ಗೋಡೆಗೆ ಎಷ್ಟು ಕಲ್ಲು ಎಂದು ಲೆಕ್ಕ ಹಾಕುವಾಗ ಮಗು ಉದ್ದ, ಅಗಲ, ಎತ್ತರವನ್ನು ಗುಣಿಸುತ್ತಿದೆ. ಪರದೆಯಲ್ಲಿ ಕಾಣುವ ಮೂರು ಸಂಖ್ಯೆಗಳು ಮಗು ಲೋಕದಲ್ಲಿ ಎಲ್ಲಿ ನಿಂತಿದೆ ಎಂದು ತೋರಿಸುತ್ತವೆ. ಪೂರ್ವಪಶ್ಚಿಮಕ್ಕೆ ಒಂದು, ಎತ್ತರಕ್ಕೆ ಒಂದು, ಉತ್ತರದಕ್ಷಿಣಕ್ಕೆ ಒಂದು. ಒಂಬತ್ತನೇ ಕ್ಲಾಸಿನಲ್ಲಿ ಗ್ರಾಫ್ ಹಾಳೆಯ ಮೇಲೆ ನಾವು ಕಷ್ಟಪಟ್ಟು ಕಲಿಸುವುದು ಇದನ್ನೇ. ಕೆಂಪು ಪುಡಿಯ ತಂತಿಯಲ್ಲಿ ಸರ್ಕ್ಯೂಟು. ಇಬ್ಬರು ಒಟ್ಟಿಗೆ ಕಟ್ಟುವಾಗ ಕೆಲಸ ಹಂಚಿಕೊಳ್ಳುವುದು, ಒಬ್ಬರು ಕಟ್ಟಿದ್ದನ್ನು ಇನ್ನೊಬ್ಬರು ಕೇಳದೆ ಒಡೆಯಬಾರದು ಎಂಬ ನಡತೆ.

ಉಳಿದ ಮೂರು ಪುಟ ಹಲವರು ಸೇರಿ ಆಡುವ ವಿಷಯ. ಮನೆಗೆ ಗೇಟು, ಹೊರಬಾಗಿಲು, ಕೋಣೆಯ ಬಾಗಿಲು ಇದ್ದ ಹಾಗೆ ಇಲ್ಲಿಯೂ ಒಂದಲ್ಲ, ಹಲವು ಬಾಗಿಲು ಎಂದು ಬರೆದೆ. ಮೊದಲನೆಯದು ಖಾತೆ. ಮಗುವಿನ ಖಾತೆಯನ್ನು ಮಗುವಿನ ನಿಜವಾದ ಹುಟ್ಟಿದ ದಿನ ಹಾಕಿ ಮಾಡಿ, ಅಮ್ಮನ ಅಥವಾ ಅಪ್ಪನ ಖಾತೆಯ ಕೆಳಗೆ ಕುಟುಂಬವೆಂದು ಸೇರಿಸಬೇಕು. ಆಗ ಬೇರೆಯವರ ಜೊತೆ ಆಡಬಹುದೇ, ಯಾರೊಡನೆ ಚಾಟ್ ಮಾಡಬಹುದು, ಹೊಸ ಸ್ನೇಹಿತರನ್ನು ಸೇರಿಸಿಕೊಳ್ಳಬಹುದೇ ಎಂಬ ಮೂರನ್ನೂ ನೀವೇ ನಿಮ್ಮ ಖಾತೆಯಿಂದ ತೀರ್ಮಾನಿಸಬಹುದು. ಹುಟ್ಟಿದ ವರ್ಷ ಸುಳ್ಳು ಹಾಕಿ ದೊಡ್ಡವರ ಖಾತೆ ಮಾಡಿಕೊಟ್ಟರೆ ಈ ಬೀಗ ಬೀಳುವುದಿಲ್ಲ. ಎರಡನೆಯದು ಆ ಲೋಕದ್ದೇ ಬಾಗಿಲು: ಕರೆದವರು ಮಾತ್ರ, ಸ್ನೇಹಿತರು ಮಾತ್ರ, ಸ್ನೇಹಿತರ ಸ್ನೇಹಿತರು. ಮೂರನೆಯದನ್ನು ಯಾವ ಕಾರಣಕ್ಕೂ ಇಡಬೇಡಿ, ಅದು ನಮ್ಮ ಊರಿನ ನೆಂಟಸ್ತಿಕೆಯಲ್ಲ ಎಂದು ಅಡಿಗೆರೆ ಹಾಕಿ ಬರೆದೆ. ಒಳಗೆ ಬಂದವರಿಗೆ ಕಟ್ಟುವ, ಒಡೆಯುವ ಅಧಿಕಾರ ಕೊಡಬೇಕಾಗಿಲ್ಲ, ನೋಡಿ ಹೋಗುವ ಅತಿಥಿಯಾಗಿಯೂ ಇಡಬಹುದು. ಕಿರಿಕಿರಿ ಮಾಡಿದವರ ಮಾತು ಕಾಣದ ಹಾಗೆ ಮಾಡಬಹುದು, ಲೋಕ ತೆರೆದವರು ಅವರನ್ನು ಹೊರಗೆ ಹಾಕಬಹುದು.

ಕೊನೆಗೆ ತೋಡಾರಿನ ಹುಡುಗಿಯನ್ನು ನೆನೆದುಕೊಂಡೇ ಒಂದು ಪ್ಯಾರಾ ಬರೆದೆ. ದೂರದಲ್ಲಿರುವ ಅಪ್ಪ, ಮಾವ, ಅಕ್ಕ ಮಗುವಿನ ಜೊತೆ ಆಡುತ್ತಿದ್ದರೆ ದಯವಿಟ್ಟು ಎಲ್ಲವನ್ನೂ ಮುಚ್ಚಬೇಡಿ. ಅವರನ್ನು ಸ್ನೇಹಿತರ ಪಟ್ಟಿಯಲ್ಲಿ ಉಳಿಸಿ, ಉಳಿದವರನ್ನು ತೆಗೆಯಿರಿ. ನಿಮಗೆ ಗೊತ್ತಾಗದಿದ್ದರೆ ಫೋನು ಹಿಡಿದುಕೊಂಡು ಶಾಲೆಗೆ ಬನ್ನಿ, ನಾನು ಮಾಡಿಕೊಡುತ್ತೇನೆ.

ಪ್ರಿನ್ಸಿಪಾಲರು ಅದನ್ನು ಮೂರು ದಿನ ಇಟ್ಟುಕೊಂಡರು. ನಾಲ್ಕನೇ ದಿನ ಕರೆಸಿದರು. ಮೇಜಿನ ಮೇಲೆ ಒಂದು ಪುಟದ ಇಂಗ್ಲಿಷ್ ಕಾಗದವಿತ್ತು. ಆಟದಿಂದ ಕಲಿಯುವುದಕ್ಕೆ ಎರಡು ಸಾಲು. ಸುರಕ್ಷತೆಗೆ ಒಂದೇ ಸಾಲು: ಪೋಷಕರು ಮಲ್ಟಿಪ್ಲೇಯರನ್ನು, ಅಂದರೆ ಹಲವರು ಸೇರಿ ಆಡುವುದನ್ನು, ಶಾಶ್ವತವಾಗಿ ನಿಲ್ಲಿಸತಕ್ಕದ್ದು. ಕೆಳಗೆ ಕತ್ತರಿಸಿ ಕೊಡುವ ಚೀಟಿ: ನಾನು ನಿಲ್ಲಿಸಿದ್ದೇನೆ, ನನ್ನ ಮಗು ಇಂಟರ್ನೆಟ್ಟಿನಲ್ಲಿ ಯಾರ ಜೊತೆಗೂ ಆಡುವುದಿಲ್ಲ. ಪೋಷಕರ ಸಹಿಗೆ ಗೆರೆ. ಕಾಗದದ ಬುಡದಲ್ಲಿ ನನ್ನ ಸಹಿಗೆ ಗೆರೆ. ನೆಗಡಿ ಬಂತೆಂದು ಮೂಗನ್ನೇ ಕೊಯ್ದುಕೊಳ್ಳುವುದು ಎಂದರೆ ಇದು.

ಇಂಗ್ಲಿಷ್ ಯಾಕೆ ಎಂದು ಕೇಳಿದೆ. ಪೋಷಕರಲ್ಲಿ ಮುಕ್ಕಾಲುಪಾಲು ಕನ್ನಡ ಶಾಲೆಯಲ್ಲಿ ಓದಿದವರು ಎಂದೆ. “ಇಂಗ್ಲಿಷ್ ಮೀಡಿಯಂ ಅಂತ ಬೋರ್ಡು ಹಾಕಿ ಕನ್ನಡದಲ್ಲಿ ಕಾಗದ ಕಳಿಸಿದ್ರೆ ಜನ ಎಂತ ಹೇಳ್ತಾರೆ ಮೇಡಂ?” ಎಂದರು. ಹಾಗಾದರೆ ಮನೆಯಲ್ಲಿ ಇದನ್ನು ಓದಿ ಹೇಳುವುದು ಯಾರು? ಮಕ್ಕಳೇ. ಯಾರ ಮೇಲೆ ಕಣ್ಣಿಡಿ ಎಂದು ಕಾಗದ ಹೇಳುತ್ತದೋ ಅವರ ಕೈಯಲ್ಲೇ ಓದಿಸುವುದು ಎಂದರೆ ಇಲಿಯ ಕೈಗೆ ಕಣಜದ ಬೀಗದಕೈ ಕೊಟ್ಟ ಹಾಗಲ್ಲವೇ ಎಂದೆ. ದೂರದಲ್ಲಿರುವ ಅಪ್ಪಂದಿರ ವಿಷಯವನ್ನೂ ಎತ್ತಿದೆ. ಆ ಹುಡುಗಿಯ ಹೆಸರು ಹೇಳಿದೆನೇ? ಇಲ್ಲ. ಬಾಯಿಯವರೆಗೆ ಬಂದಿತ್ತು. ಆಗ ಅವರು, ಇದನ್ನು ಕಳಿಸದಿದ್ದರೆ ಆಡಳಿತ ಮಂಡಳಿ ಶನಿವಾರದ ಪೀರಿಯಡ್ಡನ್ನೇ ರದ್ದು ಮಾಡುತ್ತದೆ, ನಿಮಗೇ ನಷ್ಟ ಎಂದರು. ಹಾವೂ ಸಾಯಬಾರದು, ಕೋಲೂ ಮುರಿಯಬಾರದು ಎನ್ನುವವರ ಮಾತಿನ ಧಾಟಿ ಅದು. ಹೊರಗೆ ಬೆಲ್ ಹೊಡೆಯಿತು. ನನಗೆ ಎಂಟನೇ ಕ್ಲಾಸಿಗೆ ಹೋಗಬೇಕಿತ್ತು.

ನಾನು ಸಹಿ ಹಾಕಿದೆ. ಓದದೆ ಹಾಕಿದ್ದಲ್ಲ. ಓದಿ, ಹಲ್ಲು ಕಚ್ಚಿಕೊಂಡು, ಪೆನ್ನು ಕಾಗದ ಹರಿಯುವಷ್ಟು ಒತ್ತಿ ಹಾಕಿದೆ. ಕೋಪದಿಂದ ಹಾಕಿದ ಸಹಿ ಅರ್ಧ ಸಹಿ ಎಂದು ನನ್ನ ಮನಸ್ಸಿನಲ್ಲಿ ಒಂದು ಲೆಕ್ಕವಿದ್ದಿರಬೇಕು. ಕಾಗದ ಓದುವವರಿಗೆ ಅದು ಹೇಗೆ ಗೊತ್ತಾಗಬೇಕು?

ಎರಡು ದಿನದಲ್ಲಿ ಚೀಟಿಗಳು ವಾಪಸು ಬಂದವು, ಎಲ್ಲದರಲ್ಲೂ ಸಹಿ. ಪ್ರಿನ್ಸಿಪಾಲರಿಗೆ ಖುಷಿಯೋ ಖುಷಿ. ನಾನು ಆ ಕೊಳಕು ಮಾತಿನ ಪ್ರಕರಣದ ಹುಡುಗನನ್ನು ಹಿಡಿದು, ಅಮ್ಮನಿಗೆ ಕಾಗದ ಓದಿ ಏನು ಹೇಳಿದೆ ಎಂದು ಕೇಳಿದೆ. ಮೊದಲು ತಡವರಿಸಿದ. ಆಮೇಲೆ ಹೇಳಿದ: ಈ ಆಟದಿಂದ ಗಣಿತ ಬರುತ್ತದೆ, ಟೀಚರ್ ಎಲ್ಲ ಚೆಕ್ ಮಾಡಿದ್ದಾರೆ, ಇಲ್ಲಿ ಸಹಿ ಹಾಕಬೇಕಂತೆ. ಅವನ ಪಕ್ಕದವನೂ ಅದನ್ನೇ ಓದಿದ್ದ. ಮುಂದಿನ ಬೆಂಚಿನವಳು ಸ್ವಲ್ಪ ಮುಂದೆ ಹೋಗಿ, ಫೋನಿಗೆ ಹೆಚ್ಚು ಡೇಟಾ ಹಾಕಿಸಬೇಕು ಎಂದೂ ಸೇರಿಸಿದ್ದಳು. ಕ್ಲಾಸಿಗೆ ಕ್ಲಾಸೇ ನಗುತ್ತಿತ್ತು. ನನಗೂ ನಗು ಬಂತು. ಆಗ ಕಿಟಕಿಯ ಬದಿಯಲ್ಲಿ ತೋಡಾರಿನ ಹುಡುಗಿ ಒಬ್ಬಳೇ ನಗದೆ ಕೂತದ್ದು ಕಂಡಿತು.

ನೀನು ಹೇಗೆ ಓದಿದೆ ಎಂದು ಕೇಳಿದೆ.

“ಇದ್ದ ಹಾಗೆ ಓದಿದೆ ಟೀಚರ್” ಎಂದಳು.

ಊಟದ ಹೊತ್ತಿನಲ್ಲಿ ಅವಳನ್ನು ಕಂಪ್ಯೂಟರ್ ಕೋಣೆಗೆ ಕರೆದು ಕೂರಿಸಿದೆ. ತುಂಡು ತುಂಡಾಗಿ ಹೇಳಿದಳು. ಆಟದಲ್ಲಿ ಯಾವ ಗುಂಡಿ ಒತ್ತಬೇಕು ಎಂದು ಅಮ್ಮನಿಗೆ ತೋರಿಸಿದ್ದಳು. ಅದನ್ನು ಒತ್ತಿದರೆ ಅಪ್ಪನೂ ಬರುವುದಿಲ್ಲ ಎಂದೂ ಹೇಳಿದ್ದಳು. ಅಮ್ಮ, ಟೀಚರು ಸಹಿ ಹಾಕಿ ಬರೆದಿದ್ದಾರೆಂದರೆ ಏನೋ ಇರಬೇಕು, ಅಪ್ಪ ಊರಿಗೆ ಬಂದ ಮೇಲೆ ನೋಡುವ ಎಂದಿದ್ದರು. ಆದರೆ ಗುಂಡಿಗಿಂಡಿ ಒತ್ತುವುದಕ್ಕೆ ಅವರಿಗೆ ಧೈರ್ಯ ಬರಲಿಲ್ಲ. ಮರುದಿನ ತವರಿಗೆ ಹೋಗುವುದಿತ್ತು. ಆ ಫೋನನ್ನು ಕೊಂಡ ಅಂಗಡಿ ಅಲ್ಲೇ ಫರಂಗಿಪೇಟೆಯಲ್ಲಿ. ಅಮ್ಮ ಅಂಗಡಿಯವರಿಗೆ ಕಾಗದ ತೋರಿಸಿ ಶಾಶ್ವತವಾಗಿ ನಿಲ್ಲಿಸಿಕೊಡಿ ಎಂದರು. ಅಂಗಡಿಯವರು ಆಟವನ್ನೇ ಫೋನಿನಿಂದ ತೆಗೆದು ಹಾಕಿ, ಇನ್ನು ಯಾವ ತಲೆನೋವೂ ಇಲ್ಲ ಎಂದು ಫೋನು ವಾಪಸು ಕೊಟ್ಟರು. ಹುಡುಗಿ ಆಗ ನನ್ನ ಕ್ಲಾಸಿನಲ್ಲಿ ದಶಮಾಂಶ ಭಾಗಾಕಾರ ಮಾಡುತ್ತಿದ್ದಳು.

ಅವಳು ಕೇಳಿದ್ದು ಒಂದೇ ಪ್ರಶ್ನೆ. ಆಟ ಪುನಃ ಹಾಕಿದರೆ ಮನೆ ಇರುತ್ತದಾ?

ಇರುವುದಿಲ್ಲ. ಅಲ್ಲಿ ಕಟ್ಟಿದ ಲೋಕ ಇರುವುದು ಅದನ್ನು ತೆರೆದವರ ಫೋನಿನ ಒಳಗೆ. ಆಟ ತೆಗೆದರೆ ಲೋಕವೂ ಹೋಗುತ್ತದೆ. ಮೊದಲೇ ಪ್ರತಿ ತೆಗೆದು ಬೇರೆ ಕಡೆ ಇಟ್ಟಿದ್ದರೆ ಮಾತ್ರ ಉಳಿಯುತ್ತದೆ. ಅಪ್ಪ ಒಂದೂವರೆ ವರ್ಷ ಆ ಮನೆ ಕಟ್ಟಿದರೂ ಅವರು ಅಲ್ಲಿಗೆ ಬಂದು ಹೋಗುವ ನೆಂಟ, ಅವರ ಫೋನಿನಲ್ಲಿ ಅದರ ಒಂದು ಕಲ್ಲೂ ಇಲ್ಲ. ನನಗೆ ಇಷ್ಟೆಲ್ಲ ಗೊತ್ತಿತ್ತು. ನನ್ನ ನಾಲ್ಕು ಪುಟದಲ್ಲಿ ಪ್ರತಿ ತೆಗೆದಿಡುವ ವಿಷಯವನ್ನು ಬರೆಯಲು ನನಗೇ ಹೊಳೆದಿರಲಿಲ್ಲ. ಅದನ್ನು ಪ್ರಿನ್ಸಿಪಾಲರ ಮೇಲೆ ಹಾಕುವ ಹಾಗಿಲ್ಲ.

ಅವಳಿಗೆ ಇಲ್ಲ ಎಂದು ಹೇಳಿದೆ. ತಲೆಯಾಡಿಸಿ ಎದ್ದು ಕೈ ತೊಳೆಯಲು ಹೋದಳು.

ನನಗೆ ಆಗ ಬಂದ ಸಿಟ್ಟನ್ನು ಹೇಗೆ ಹೇಳುವುದೋ ತಿಳಿಯದು. ಕಾಗದವನ್ನು ತಿರುಚಿ ಓದಿದ ಮಕ್ಕಳ ಮನೆಯಲ್ಲಿ ಏನೂ ಬದಲಾಗಲಿಲ್ಲ. ಚಿಕ್ಕಪ್ಪ ಅಂದು ಸೆಟ್ಟಿಂಗು ಬದಲಿಸಲು ಬಿಟ್ಟಿರಲಿಲ್ಲ; ಆ ಹುಡುಗನ ಲೋಕಕ್ಕೆ ಆಗಲೂ ಯಾರು ಬೇಕಾದರೂ ಬರಬಹುದಿತ್ತು. ಸತ್ಯವಾಗಿ ಓದಿದವಳ ಮನೆ ಮಾತ್ರ ನೆಲಸಮವಾಯಿತು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ. ಬರೆ ಹಾಕಿದ ಕಬ್ಬಿಣ ನನ್ನ ಕೈಯಲ್ಲೇ ಇತ್ತು. ಪ್ರಿನ್ಸಿಪಾಲರ ಮೇಲೆ, ಅಂಗಡಿಯವರ ಮೇಲೆ, ಆ ಚಿಕ್ಕಪ್ಪನ ಮೇಲೆ ಸರದಿಯಲ್ಲಿ ಕೋಪಿಸಿಕೊಂಡು ನೋಡಿದೆ. ಪ್ರತಿ ಸಲವೂ ತಿರುಗಿ ನನ್ನ ಪೆನ್ನಿಗೇ ಬಂದು ನಿಲ್ಲುತ್ತಿತ್ತು.

ಮೂಲ ಕನ್ನಡ ಕಾಗದಕ್ಕೆ ಪ್ರತಿ ತೆಗೆಯುವ ವಿಷಯ ಸೇರಿಸಿ, ಮೇಲೆ ಒಂದು ಸಾಲು ಬರೆದೆ: ಹಿಂದಿನ ಕಾಗದದಲ್ಲಿ ನಾನು ಸಹಿ ಹಾಕಿದ್ದು ತಪ್ಪು, ಅದನ್ನು ಲೆಕ್ಕಕ್ಕೆ ತೆಗೆದುಕೊಳ್ಳಬೇಡಿ. ಪೇಟೆಯಲ್ಲಿ ಝೆರಾಕ್ಸ್ ಮಾಡಿಸಿ, ಪ್ರಿನ್ಸಿಪಾಲರನ್ನು ಕೇಳದೆ ಶುಕ್ರವಾರ ಮಕ್ಕಳ ಡೈರಿಗೆ ಅಂಟಿಸಿ ಕಳಿಸಿದೆ. ಶನಿವಾರ ಹತ್ತೂವರೆಗೆ ಮೆಮೊ ಬಂತು. ಶಾಲೆಯ ಶಿಸ್ತನ್ನು ಉಲ್ಲಂಘಿಸಿದ್ದಕ್ಕೆ ವಿವರಣೆ ಕೊಡತಕ್ಕದ್ದು. ಅದನ್ನು ಮಡಚಿ ಬ್ಯಾಗಿಗೆ ಹಾಕಿ ಪಾಠಕ್ಕೆ ಹೋದೆ. ಸೋಮವಾರದಿಂದ ಪೋಷಕರು ಫೋನು ಹಿಡಿದುಕೊಂಡು ಬರತೊಡಗಿದರು, ಮೊದಲು ಬಂದವರು ಆ ಚಿಕ್ಕಪ್ಪ. ಆದರೆ ನನಗೆ ಹೇಳಬೇಕಾಗಿರುವುದು ನಡುವಿನ ಆದಿತ್ಯವಾರದ ಸಂಗತಿ.

ಆ ದಿನ ಸಂಜೆ ಸ್ಕೂಟರಿನಲ್ಲಿ ತೋಡಾರಿಗೆ ಹೋದೆ. ಹುಡುಗಿಯ ಅಮ್ಮ ಬಾಗಿಲಲ್ಲಿ ನನ್ನನ್ನು ನೋಡಿ ಗಾಬರಿಯಾದರು. ಇನ್ನೂ ಏನು ತಪ್ಪಾಯಿತೋ ಎಂದು ಅವರ ಮುಖ. ಡೈರಿಗೆ ಅಂಟಿಸಿದ ಹೊಸ ಕಾಗದವನ್ನು ಅವರಿನ್ನೂ ನೋಡಿರಲಿಲ್ಲ; ನಾನು ಕೂರುವ ಮೊದಲೇ ಹಳೆಯ ಚೀಟಿಯ ವಿಷಯ ಎತ್ತಿದರು. “ನೀವು ಹೇಳಿದ ಹಾಗೇ ಮಾಡಿದ್ದೇನೆ ಟೀಚರ್. ಬೇರೆಯವರ ಹಾಗೆ ಸುಮ್ಮನೆ ಸಹಿ ಹಾಕ್ಲಿಲ್ಲ.”

ಅವರು ಅದನ್ನು ಹೆಮ್ಮೆಯಿಂದಲೇ ಹೇಳಿದ್ದು. ನನಗೆ ನೆಲದಲ್ಲಿ ಹುದುಗಿಹೋದರೆ ಸಾಕು ಎನಿಸಿತು. ತಪ್ಪು ನನ್ನದು, ನಿಮ್ಮದಲ್ಲ ಎಂದು ತುಳುವಿನಲ್ಲಿ ಎರಡು ಸಲ ಹೇಳಿದೆ. ಮಗಳು ಮತ್ತು ಅಪ್ಪ ಕಟ್ಟಿದ ಮನೆ ಅದರೊಳಗೆ ಇತ್ತು ಎಂದು ಹೇಳಿದಾಗ ಅವರು ಮಗಳ ಕಡೆ ತಿರುಗಿ ನೋಡಿದರು. ಆಟವನ್ನು ಪುನಃ ಹಾಕಿದರೆ ಎಲ್ಲ ಇದ್ದಲ್ಲೇ ಇರುತ್ತದೆ ಎಂದು ಅವರು ಇಷ್ಟು ದಿನ ತಿಳಿದಿದ್ದರು. ಗಂಡನಿಗೆ ಹೇಳಿರಲಿಲ್ಲ. ಹಿಂದಿನ ಆದಿತ್ಯವಾರ ಗಂಡ ಕಾದು ಮೆಸೇಜು ಹಾಕಿದ್ದಕ್ಕೆ, ಮಗಳಿಗೆ ಪರೀಕ್ಷೆ ಉಂಟು ಎಂದು ಉತ್ತರ ಹೋಗಿತ್ತು.

ಆಟವನ್ನು ಪುನಃ ಫೋನಿಗೆ ಹಾಕಿದೆ. ಅವಳು ಹಿಂದೆ ಬಳಸುತ್ತಿದ್ದ ಖಾತೆ ನೋಡಿದರೆ, ಅಂಗಡಿಯವರೇ ಮಾಡಿಕೊಟ್ಟದ್ದು; ಬಂದವರಿಗೆಲ್ಲ ಅವರು ಜನವರಿ ಒಂದನೇ ತಾರೀಕು ಎಂದು ಒಂದೇ ಹುಟ್ಟುಹಬ್ಬ ಹಾಕುತ್ತಾರೆ, ವರ್ಷವೂ ಬಾಯಿಗೆ ಬಂದದ್ದು. ಹನ್ನೆರಡು ವರ್ಷದ ಹುಡುಗಿ ಆಟದ ಕಣ್ಣಿಗೆ ಮೂವತ್ತು ದಾಟಿದ ಹೆಂಗಸು. ಅದನ್ನು ಬಿಟ್ಟು, ಅಮ್ಮನಿಗೆ ಒಂದು ಖಾತೆ, ಅದರ ಕೆಳಗೆ ಮಗಳಿಗೆ ನಿಜವಾದ ತಾರೀಕಿನ ಖಾತೆ ಮಾಡಿದೆ. ಒಂದೊಂದು ಗುಂಡಿಯನ್ನೂ ನಾನು ಒತ್ತದೆ ಅಮ್ಮನ ಕೈಯಲ್ಲೇ ಒತ್ತಿಸಿದೆ. ಬೇರೆಯವರ ಜೊತೆ ಆಡಬಹುದು, ಆದರೆ ಮಾತು ಸ್ನೇಹಿತರ ಜೊತೆ ಮಾತ್ರ. ಹೊಸ ಸ್ನೇಹಿತರು ಅಮ್ಮನ ಒಪ್ಪಿಗೆ ಇದ್ದರೆ ಮಾತ್ರ. ಅಪ್ಪನನ್ನು ಪಟ್ಟಿಗೆ ಸೇರಿಸುವಾಗ ಅಮ್ಮ ಒಪ್ಪಿಗೆ ಕೊಡಬೇಕಾಯಿತು. ಅವರಿಗೆ ಅದು ಸ್ವಲ್ಪ ತಮಾಷೆಯಾಗಿ ಕಂಡಿರಬೇಕು, ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ಒತ್ತಿದರು. ಅಷ್ಟರಲ್ಲಿ ಒಂದು ಗಂಟೆ ದಾಟಿತ್ತು.

ಹುಡುಗಿ ಹೊಸ ಲೋಕ ತೆರೆದಳು. ಹುಲ್ಲು, ದೂರದಲ್ಲಿ ಒಂದಿಷ್ಟು ಮರ, ಬೇರೇನೂ ಇಲ್ಲ. ಸ್ನೇಹಿತರು ಮಾತ್ರ ಎಂಬಲ್ಲಿ ಇಟ್ಟಳು. ಮಗಳದ್ದು ಹೊಸ ಖಾತೆ, ಬನ್ನಿ ಎಂದು ಅಮ್ಮ ಗಂಡನಿಗೆ ವಾಟ್ಸಾಪಿನಲ್ಲಿ ಮೆಸೇಜು ಹಾಕಿದರು. ಐದು ನಿಮಿಷದಲ್ಲಿ ಇಂಥವರು ಬಂದರು ಎಂದು ಪರದೆಯಲ್ಲಿ ಸಾಲು ಮೂಡಿತು. ಚೌಕ ತಲೆಯ ಗೊಂಬೆಯೊಂದು ಹುಲ್ಲಿನ ಮೇಲೆ ನಿಂತು ಅತ್ತಿತ್ತ ತಿರುಗಿತು. ಚಾಟಿನಲ್ಲಿ ಇಂಗ್ಲಿಷ್ ಅಕ್ಷರದ ತುಳು: “ಇಲ್ಲ್ ಓಲು?” ಮನೆ ಎಲ್ಲಿ ಎಂದು ಅಪ್ಪ ಕೇಳುತ್ತಿದ್ದರು.

ಹುಡುಗಿ ಅಮ್ಮನನ್ನು ನೋಡಿದಳು. ಅವಳು ತಲೆ ತಗ್ಗಿಸಿ ಬೇಗ ಬೇಗ ಒತ್ತಿದಳು. ನಾನು ಪಕ್ಕದಿಂದ ಓದಿದೆ. ತಪ್ಪಿ ನಾನೇ ಅಳಿಸಿಬಿಟ್ಟೆ, ಬೇರೆ ಕಟ್ಟುವ ಎಂದು ಬರೆದಿದ್ದಳು.

ಕಾಗದವನ್ನು ಇದ್ದ ಹಾಗೆ ಓದಿದ ಹುಡುಗಿ ಅದು. ಅವಳು ಸುಳ್ಳು ಬರೆಯುವುದನ್ನು ನೋಡಿಕೊಂಡು ಕೂರಲು ನನ್ನಿಂದ ಆಗಲಿಲ್ಲ. ಫೋನನ್ನು ಅವಳ ಕೈಯಿಂದ ಕಸಿದುಕೊಂಡೆ ಎಂದೇ ಹೇಳಬೇಕು. ಅಳಿಸಿದ್ದು ಮಗಳಲ್ಲ, ಅವಳ ಅಮ್ಮನೂ ಅಲ್ಲ, ನಾನು ಅವಳ ಟೀಚರ್, ನನ್ನ ಕಾಗದದಿಂದ ಹೋದದ್ದು ಎಂದು ಬರೆದು ಕಳಿಸಿದೆ.

ಗೊಂಬೆ ನಿಂತಲ್ಲೇ ನಿಂತಿತು. ಮರುಕ್ಷಣ ಅವರು ಹೊರಟುಹೋದರು ಎಂದು ಸಾಲು ಬಂತು. ಹುಲ್ಲು ಖಾಲಿ. ಆಗ ಅಮ್ಮನ ಫೋನಿನ ಮೇಲ್ಭಾಗದಲ್ಲಿ ವಾಟ್ಸಾಪಿನ ಮೆಸೇಜು: ಮಗಳ ಆಟದಲ್ಲಿ ಯಾರೋ ಬೇರೆಯವರು ಬರೆಯುತ್ತಿದ್ದಾರೆ, ಕೂಡಲೇ ನೋಡು. ಗುರುತಿಲ್ಲದವರು ಬಂದರೆ ಮಾತು ಮುಂದುವರಿಸಬೇಡಿ, ಹೊರಗೆ ಬಂದು ದೊಡ್ಡವರಿಗೆ ತಿಳಿಸಿ ಎಂದು ನಾಲ್ಕು ಪುಟದಲ್ಲಿ ಬರೆದವಳು ನಾನು. ಅದನ್ನು ಎಂದೂ ಓದದ ಮನುಷ್ಯ ಅದನ್ನು ಪಾಲಿಸಿದ್ದರು, ನನ್ನ ವಿರುದ್ಧ.

ಅಮ್ಮ ನನ್ನಿಂದ ಫೋನು ತೆಗೆದುಕೊಂಡು ಒಂದು ಫೋಟೊ ತೆಗೆದು ಕಳಿಸಿದರು: ಚಾಪೆಯ ಮೇಲೆ ನಾನು, ಪಕ್ಕದಲ್ಲಿ ಹುಡುಗಿ. ಫೋನು ನನ್ನ ಕೈಗೆ ವಾಪಸು ಬಂತು, ಗೊಂಬೆಯೂ ಪುನಃ ಬಂತು. ಆಮೇಲೆ ಒಂದೇ ಸಾಲು ಬಂತು, ಒಂದೂವರೆ ವರ್ಷದ ಮನೆ ಟೀಚರ್ ಎಂದು. ಬೈಯಲಿ, ಚೆನ್ನಾಗಿ ಬೈಯಲಿ ಎಂದು ಕಾದು ಕೂತೆ.

ಹುಡುಗಿ ಫೋನನ್ನು ನನ್ನ ಕೈಯಿಂದ ಮೆಲ್ಲ ತೆಗೆದುಕೊಂಡಳು. ಬರೆದು, ಕಳಿಸುವ ಮೊದಲು ಸರಿಯಾಗಿದೆಯೇ ಎಂದು ನನಗೆ ತೋರಿಸಿದಳು. “ಟೀಚರಿಗೆ ಬೈಬೇಡಿ ಅಪ್ಪ. ಅವರ ಮೇಲೆ ಒತ್ತಡ ಇದ್ದಿರಬೇಕು.”

ಆ ಇಡೀ ಗಲಾಟೆಯಲ್ಲಿ ನನ್ನ ಪರವಾಗಿ ಯಾರಾದರೂ ಮಾತಾಡಿದ್ದು ಅದೊಂದೇ ಸಲ. ಆಡಿದವಳಿಗೆ ಹನ್ನೆರಡು ವರ್ಷ. ಅವಳ ಪರವಾಗಿ ಅಂಥದ್ದೇ ಒಂದು ಮಾತು ಆಡಲು ನನಗೆ ಪ್ರಿನ್ಸಿಪಾಲರ ಕೋಣೆಯಲ್ಲಿ ಹತ್ತು ನಿಮಿಷ ಸಿಕ್ಕಿತ್ತು, ಬೆಲ್ ಹೊಡೆಯಿತೆಂದು ನಾನು ಎದ್ದು ಬಂದಿದ್ದೆ.